ಏಳನೇ ತಾರೀಖಿನ ಸಾಲಗಳು

ಸಹಕಾರ ಸಂಘವೊಂದರ ಸಾಲದ ಪಟ್ಟಿಯನ್ನು ಹಳೆಯ ಕಂಪ್ಯೂಟರ್‌ನಿಂದ ಹೊಸ ಸಾಫ್ಟ್‌ವೇರ್‌ಗೆ ಸಾಗಿಸಿದ್ದಾರೆ ಎಂದುಕೊಳ್ಳಿ. ಮರುಪಾವತಿಯ ಕೊನೆಯ ದಿನಾಂಕಗಳನ್ನು ಒಮ್ಮೆ ಕಣ್ಣಾಡಿಸಿದರೆ ಜನವರಿ 7, ಫೆಬ್ರುವರಿ 7, ಏಪ್ರಿಲ್ 7, ಅಕ್ಟೋಬರ್ 7 ಎಂದು ಪ್ರತಿ ತಿಂಗಳ ಏಳರಂದೇ ಗುಂಪು ಗುಂಪಾಗಿ ಸಾಲಗಳು ನಿಂತಿವೆ. ನಾಟಿಯ ಕಾಲಕ್ಕೆ, ಜುಲೈ ತಿಂಗಳಲ್ಲಿ ಹಂಚಿದ ಸಾಲ ಜನವರಿಗೆ ಹೇಗೆ ಹೋಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಪಟ್ಟಿ ಪೂರ್ತಿ ಏರಿದೆ, ಪರದೆಯ ಮೇಲೆ ಹಸಿರು ಗೆರೆ ಬಂದಿದೆ, ಮೇಲಿನವರಿಗೆ ವರದಿಯೂ ಹೋಗಿದೆ. ‘ಏನಾಗಂಗಿಲ್ಲ ಬಿಡ್ರಿ’ ಎಂದು ಒಬ್ಬರು ಹೇಳಿದರೆ ಉಳಿದವರು ಚಹಾಕ್ಕೆ ಏಳುತ್ತಾರೆ. ನನಗೆ ದಿಗಿಲು ಹುಟ್ಟಿಸುವುದು ಆ ಏಳನೇ ತಾರೀಖಿಗಿಂತ ಈ ಮಾತು.

ಇದನ್ನು ಈಗ ಬರೆಯಲು ಕಾರಣವಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಸಾಫ್ಟ್‌ವೇರ್ ಅಡಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಯೋಜನೆಯ ಉಸ್ತುವಾರಿ ನಬಾರ್ಡ್‌ನದು, ನಮ್ಮ ರಾಜ್ಯವೂ ಇದರಲ್ಲಿದೆ. ಇದು ಒಳ್ಳೆಯ ಕೆಲಸ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲ್ಗೊಂಡು ಬಹುಕಾಲ ಕಿರ್ದಿ, ಖಾತಾವಣಿ, ತೇರೀಜು ಎಂದು ಕೈಬರಹದಲ್ಲಿ ನಡೆದುಬಂದ ಲೆಕ್ಕ ಒಂದಲ್ಲ ಒಂದು ದಿನ ಕಂಪ್ಯೂಟರ್‌ಗೆ ಏರಲೇಬೇಕಿತ್ತು. ಆದರೆ ಲೆಕ್ಕ ಮನೆ ಬದಲಿಸುವಾಗ ಏನೇನು ಒಡೆಯಬಹುದು ಎಂಬುದನ್ನು ಹೊರಡುವ ಮೊದಲೇ ಬರೆದಿಡಬೇಕು. ಸಾಫ್ಟ್‌ವೇರ್ ಬಲ್ಲವರು ಅದನ್ನು ರಿಸ್ಕ್ ರಿಜಿಸ್ಟರ್ ಎನ್ನುತ್ತಾರೆ. ನಾನು ಅಪಾಯದ ವಹಿ ಎನ್ನುತ್ತೇನೆ. ಅನೇಕ ಕಡೆ ಈ ವಹಿ ಇರುತ್ತದೆ, ಆದರೆ ಬೇರೆ ಊರಿನದನ್ನು ನಕಲು ಮಾಡಿ ಫೈಲಿಗೆ ಸೇರಿಸಿದ್ದಾಗಿರುತ್ತದೆ. ಅಂಥ ವಹಿ ಏನೂ ಬರೆಯದೆ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ನಿಶ್ಚಿಂತೆಯನ್ನು ಕೊಡುತ್ತದೆ.

ತುರ್ವಿಹಾಳದಂಥ ಊರಿನ ಒಂದು ಸೊಸೈಟಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ಸಿಂಧನೂರು ಸೀಮೆ ಅದು. ಲೆಕ್ಕಕ್ಕೆ ಅನುಕೂಲವಾಗಲೆಂದು 800 ಬೆಳೆಸಾಲದ ಖಾತೆಗಳಿವೆ ಎಂದು ಹಿಡಿಯುತ್ತೇನೆ. ಇಂಥ ಸಂಘದ ವಹಿಯ ಮೊದಲ ಸಾಲು ಯಾವುದಾಗಬೇಕು? ‘ಡೇಟಾ ಸರಿಯಾಗಿ ವರ್ಗವಾಗದಿರಬಹುದು’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಅಪಾಯವನ್ನು ಕಾರಣ, ಘಟನೆ, ನಷ್ಟ ಎಂದು ಮೂರು ತುಂಡಾಗಿ ಬರೆಯಬೇಕು. ಹಳೆಯ ಪಟ್ಟಿಯಲ್ಲಿ ದಿನ ಮೊದಲು, ತಿಂಗಳು ನಂತರ ಇದೆ, ಹೊಸದು ತಿಂಗಳನ್ನು ಮೊದಲು ಓದಬಹುದು, ಇದು ಕಾರಣ. ಆಗ ಕೊನೆಯ ದಿನಾಂಕ ಬದಲಾಗುತ್ತದೆ, ಇದು ಘಟನೆ. ಅವಧಿಯೊಳಗೆ ಕಟ್ಟಿದ ರೈತನೂ ಬಾಕಿದಾರನಾಗಿ ಶೂನ್ಯ ಬಡ್ಡಿಯ ರಿಯಾಯಿತಿ ಕಳೆದುಕೊಳ್ಳುತ್ತಾನೆ, ಇದು ನಷ್ಟ. ಹೀಗೆ ಬರೆದ ಸಾಲನ್ನು ಪರೀಕ್ಷಿಸಬಹುದು, ಅದಕ್ಕೆ ಒಬ್ಬರನ್ನು ಹೊಣೆ ಮಾಡಬಹುದು.

ಈ ದಿನಾಂಕದ ದೋಷ ಮೋಸಗಾರ. ಅದರ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 25/07/2026 ಎಂಬ ದಿನಾಂಕವನ್ನು ಹೊಸ ಸಾಫ್ಟ್‌ವೇರ್ ಒಪ್ಪುವುದಿಲ್ಲ, ಏಕೆಂದರೆ ಇಪ್ಪತ್ತೈದನೇ ತಿಂಗಳು ಎಂಬುದಿಲ್ಲ. ಅಂಥ ಸಾಲುಗಳು ಕೆಂಪಾಗಿ ಹೊರಬೀಳುತ್ತವೆ, ಸಿಬ್ಬಂದಿ ಕೂತು ಕೈಯಿಂದ ತಿದ್ದುತ್ತಾರೆ, ತಿದ್ದಿ ಮುಗಿಸಿದಾಗ ಕೆಲಸ ಪೂರ್ತಿಯಾಯಿತೆಂಬ ಸಮಾಧಾನ ಬರುತ್ತದೆ. ತೊಂದರೆ ಇರುವುದು ಹೊರಬೀಳದ ಸಾಲುಗಳಲ್ಲಿ. ಪ್ರತಿ ತಿಂಗಳ ಒಂದರಿಂದ ಹನ್ನೆರಡರವರೆಗಿನ ದಿನಾಂಕಗಳು ಸದ್ದಿಲ್ಲದೆ ಒಳಗೆ ಹೋಗುತ್ತವೆ. 04/07/2026, ಅಂದರೆ ಜುಲೈ 4, ಏಪ್ರಿಲ್ 7 ಆಗುತ್ತದೆ. ದಿನವೂ ತಿಂಗಳೂ ಒಂದೇ ಆಗಿರುವ ಒಂದನ್ನು ಬಿಟ್ಟರೂ ಮೂವತ್ತರಲ್ಲಿ ಹನ್ನೊಂದು ದಿನ ಹೀಗೆ ಅದಲುಬದಲಾಗಬಲ್ಲವು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಜೂನ್ ಮಧ್ಯದಲ್ಲಿ ಹಣ ತಂದ ರೈತನಿಗೆ ಪರದೆ ಹೇಳುವುದು, ನಿನ್ನ ಅವಧಿ ಏಪ್ರಿಲ್ 7ಕ್ಕೇ ಮುಗಿದಿದೆ ಎಂದು. ಅವನು ಜಗಳವಾಡುತ್ತಾನೆ, ಹಳೆಯ ರಸೀದಿ ತೆಗೆಯುತ್ತಾನೆ, ತಪ್ಪು ಬಯಲಾಗುತ್ತದೆ. ಇನ್ನೊಬ್ಬನ ಪಾಡು ಇದಕ್ಕಿಂತ ಕಷ್ಟ. ಅವನ ನಿಜವಾದ ದಿನಾಂಕ ಜುಲೈ 10, ಪರದೆಯಲ್ಲಿರುವುದು ಅಕ್ಟೋಬರ್ 7. ಅವನಿಗೆ ಮೂರು ತಿಂಗಳು ಬಿಡುವು ಸಿಕ್ಕಂತೆ ಕಾಣುತ್ತದೆ. ಯಾರೂ ದೂರುವುದಿಲ್ಲ. ಸೆಪ್ಟೆಂಬರಿನಲ್ಲಿ ಅವನು ಹಣ ತರುವ ಹೊತ್ತಿಗೆ ಮೂಲ ಕರಾರಿನ ಅವಧಿ ಮೀರಿಹೋಗಿರುತ್ತದೆ, ರಿಯಾಯಿತಿ ಕೈತಪ್ಪಿರುತ್ತದೆ. ಎರಡು ಲಕ್ಷದ ಸಾಲಕ್ಕೆ ಶೇಕಡಾ 7ರಂತೆ ಹಿಡಿದರೂ ವರ್ಷಕ್ಕೆ 14,000 ರೂಪಾಯಿ ಬಡ್ಡಿ. ಅನುಕೂಲದ ವೇಷದಲ್ಲಿ ಬರುವ ತಪ್ಪನ್ನು ಹಿಡಿಯುವವರಿಲ್ಲ. ಅದನ್ನು ಮೊದಲೇ ಹುಡುಕಬೇಕು.

ಸಾಧ್ಯತೆ ಎಂಬ ಕಲಮಿಗೆ ಒಂದರಿಂದ ಐದರವರೆಗೆ ಅಂಕ ಕೊಡುವುದು ರೂಢಿ. ಬಹುಪಾಲು ಕಡೆ ಈ ಅಂಕ ಮೇಜಿನ ಸುತ್ತ ಕೂತವರ ಧೈರ್ಯದಿಂದ ಹುಟ್ಟುತ್ತದೆ, ಎಣಿಕೆಯಿಂದಲ್ಲ. ನಮ್ಮ ಸಂಘ 60 ಖಾತೆಗಳನ್ನು ಪ್ರಯೋಗಕ್ಕೆ ಸಾಗಿಸಿ ಕಾಗದದ ದಾಖಲೆಯೊಡನೆ ಒಂದೊಂದಾಗಿ ತಾಳೆ ನೋಡಿತು ಎನ್ನೋಣ. ಪಟ್ಟಿಯ ಮೊದಲ 60 ಅಲ್ಲ, ಎಲ್ಲ ತಿಂಗಳು, ಎಲ್ಲ ಹಳ್ಳಿಗಳಿಂದ ಆಯ್ದ 60. ಹದಿನಾಲ್ಕರಲ್ಲಿ ದಿನಾಂಕ ತಪ್ಪಿತ್ತು. ಸುಮಾರು ಕಾಲು ಭಾಗ. ಹಾಗಾದರೆ ಸಾಧ್ಯತೆ 5, ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ದಿನಾಂಕಗಳನ್ನೆಲ್ಲ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮಕ್ಕೆ ತಂದು ಬೇರೆ 60 ಖಾತೆಗಳನ್ನು ನೋಡಿದರೆ ಈಗ ಒಂದೂ ತಪ್ಪಿಲ್ಲ. ಕೂಡಲೇ ಯಾರಾದರೂ ಸಾಧ್ಯತೆಯನ್ನು 1ಕ್ಕೆ ಇಳಿಸಿ ಎನ್ನುತ್ತಾರೆ. ಇಳಿಸಬಾರದು. ಸಂಖ್ಯಾಶಾಸ್ತ್ರದವರಲ್ಲಿ ಒಂದು ಸರಳ ಅಂದಾಜು ಇದೆ: ಇಷ್ಟು ನೋಡಿದರೂ ಒಂದು ತಪ್ಪೂ ಸಿಗದಿದ್ದರೆ, ಮೂರನ್ನು ನೋಡಿದ ಸಂಖ್ಯೆಯಿಂದ ಭಾಗಿಸಿದಷ್ಟು ತಪ್ಪು ಇನ್ನೂ ಅಡಗಿರಬಹುದು. 3/60 ಅಂದರೆ ಶೇಕಡಾ 5. ಎಂಟುನೂರರಲ್ಲಿ 40 ಮನೆ. ಆದ್ದರಿಂದ ಅಂಕ 2 ಅಥವಾ 3ರಲ್ಲಿ ನಿಲ್ಲಬೇಕು, ಜುಲೈ ತಿಂಗಳ ಸಾಲಗಳನ್ನು ಪೂರ್ತಿ ಕೈಯಿಂದ ತಾಳೆ ಮಾಡುವವರೆಗೆ ಅಲ್ಲೇ ಇರಬೇಕು. ಜೊತೆಗೆ ಹಳೆಯದು, ಹೊಸದು ಎರಡರಲ್ಲೂ ತಿಂಗಳುವಾರು ಎಷ್ಟು ಸಾಲಗಳ ಅವಧಿ ಮುಗಿಯುತ್ತದೆಂದು ಎಣಿಸಿ ಪಕ್ಕಪಕ್ಕ ಬರೆದರೆ, ಏಳನೇ ತಾರೀಖಿನ ಗುಂಪು ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಎರಡನೆಯ ಸಾಲು ಸಣ್ಣ ಮೊತ್ತದ್ದು. ಎಲ್ಲ ಸಾಲಗಾರರ ಬಾಕಿ ಕೂಡಿಸಿದರೆ 9,84,12,500 ರೂಪಾಯಿ, ಸಾಮಾನ್ಯ ಖಾತೆಯಲ್ಲಿ ಸಾಲದ ಬಾಬು 9,84,58,900. ವ್ಯತ್ಯಾಸ 46,400. ಒಂಬತ್ತು ಕೋಟಿಯ ಮುಂದೆ ಇದೇನು ದೊಡ್ಡದು ಎಂದು ಅದನ್ನು ಅನಾಮತ್ತು ಖಾತೆಗೆ ಹಾಕಿ ಮುಂದೆ ಹೋಗುವ ಆಸೆ ಆಗುತ್ತದೆ. ಈ ಆಸೆಯ ಫಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬಹಳ ಹಿಂದೆ, ಹೆಸರು ಬೇಡ, ಒಂದು ಸಂಘ ಕೈಬರಹದಿಂದ ಮೊದಲ ಕಂಪ್ಯೂಟರ್‌ಗೆ ಹೋದಾಗ ಹೀಗೇ ಒಂದು ಪುಟ್ಟ ಮೊತ್ತವನ್ನು ಅನಾಮತ್ತಿಗೆ ಸರಿಸಿದರು. ವ್ಯತ್ಯಾಸ ಪುಟ್ಟದಾಗಿತ್ತೇ ಹೊರತು ತಪ್ಪು ಪುಟ್ಟದಾಗಿರಲಿಲ್ಲ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆಗಿ ಒಂದನ್ನೊಂದು ಮುಚ್ಚಿಕೊಂಡಿದ್ದವು. ಮೂರು ಲಕ್ಷದ ಸಾಲವೊಂದು ಪಟ್ಟಿಯಿಂದ ಬಿಟ್ಟುಹೋಗಿ, ಇನ್ನೊಬ್ಬರ 2,53,600 ಎರಡು ಸಲ ಏರಿದರೂ ಉಳಿಯುವ ವ್ಯತ್ಯಾಸ ಅದೇ 46,400. ಆ ಸಂಘದಲ್ಲಿ ಸತ್ಯ ಗೊತ್ತಾಗುವ ಹೊತ್ತಿಗೆ ಆ ಲೆಕ್ಕ ಬಲ್ಲ ಕಾರ್ಯದರ್ಶಿ ನಿವೃತ್ತರಾಗಿದ್ದರು. ಸಾಲ ಒಮ್ಮೆ ತೀರಿಸಿದವರ ಮನೆಗೆ ಮತ್ತೆ ನೋಟಿಸು ಹೋಯಿತು.

ಇದೇ ಬಗೆಯ ಇನ್ನೊಂದು ಅಪಾಯ ಹೆಸರಿನದು. ಲಿಂಗಸುಗೂರು ಸೀಮೆಯಲ್ಲಿ ಗುರುಗುಂಟಾ ಅಮರೇಶ್ವರನ ಹೆಸರಿಟ್ಟುಕೊಂಡ ಅಮರೇಶರು, ಅಮರಪ್ಪರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ತಂದೆಯ ಹೆಸರಿನ ಕಲಮು ಖಾಲಿ ಇದ್ದರೆ ಇಬ್ಬರು ಅಮರೇಶರು ಒಬ್ಬರಾಗಲು ಹೊತ್ತು ಬೇಡ. ಹಳೆಯ ನುಡಿ ಅಕ್ಷರಗಳಲ್ಲಿ ಕುಟ್ಟಿದ ಹೆಸರು ಯೂನಿಕೋಡ್‌ಗೆ ಬರುವಾಗ ಒತ್ತು ಕಳೆದುಕೊಳ್ಳಬಹುದು, ಆಧಾರಿನ ಹೆಸರಿಗೆ ತಾಳೆಯಾಗದೆ ಹೋಗಬಹುದು. ಇಷ್ಟನ್ನು ವಹಿಯಲ್ಲಿ ಬರೆದು ಮುಂದೆ ಸಾಗುತ್ತೇನೆ.

ಮೂರನೆಯ ಸಾಲು ಎಲ್ಲರೂ ಕೆಳಗೆ ತಳ್ಳುವ ಸಾಲು. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳಲು ಆಗದಿರುವುದು. ಸಾಧ್ಯತೆ 1, ಪರಿಣಾಮ 5, ಗುಣಿಸಿದರೆ 5. ಅದೇ ದಿನಕ್ಕೊಮ್ಮೆ ಇಂಟರ್‌ನೆಟ್ ಹೋಗುವ ಕಿರಿಕಿರಿಗೆ ಸಾಧ್ಯತೆ 5, ಪರಿಣಾಮ 1. ಅದಕ್ಕೂ 5. ಗುಣಾಕಾರ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ, ದಿನವೂ ಕಾಡುವುದು ಸಭೆಯ ಹೊತ್ತನ್ನೆಲ್ಲ ತಿನ್ನುತ್ತದೆ. ಆದರೆ ಅಪರೂಪದ್ದೂ ನಡೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನಿಂತಿದ್ದ ಗೇಟು ಆ ರಾತ್ರಿಯೇ ಹೋಗುವ ಸಾಧ್ಯತೆ ಕೇಳಿದ್ದರೆ ಯಾರೂ 1ಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ಸಿಂಧನೂರಿನ ಭತ್ತದ ಗದ್ದೆಗಳು ಉಸಿರು ಹಿಡಿದಿದ್ದವು. ಆದ್ದರಿಂದ ಪರಿಣಾಮ 5 ಇರುವ ಸಾಲನ್ನು, ಅದರ ಗುಣಲಬ್ಧ ಎಷ್ಟೇ ಇರಲಿ, ಪ್ರತಿ ಸಭೆಯಲ್ಲಿ ಓದಲೇಬೇಕು ಎಂಬ ನಿಯಮ ವಹಿಯ ಮೊದಲ ಪುಟದಲ್ಲಿರಲಿ.

ಆ ಸಾಲಿಗೆ ಕ್ರಮವೇನು? ‘ಬ್ಯಾಕಪ್ ತೆಗೆದುಕೊಳ್ಳಲಾಗಿದೆ’ ಎಂಬುದು ಕ್ರಮವಲ್ಲ. ಆ ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು, ಹತ್ತು ಖಾತೆಗಳ ಬಾಕಿ ಓದಿ, ಓದಿದವರು ಸಹಿ ಹಾಕಿದ ಮೇಲೆ ಅದು ಬ್ಯಾಕಪ್. ಹಳೆಯ ಕಂಪ್ಯೂಟರನ್ನು ವರ್ಷದ ಆಡಿಟ್ ಮುಗಿಯುವವರೆಗೆ ಅಳಿಸಬಾರದು, ಕೊಡಬಾರದು.

ಹೊಣೆಗಾರ ಎಂಬ ಕಲಮಿಗೆ ಬರುತ್ತೇನೆ. ಅಲ್ಲಿ ‘ಸಿಬ್ಬಂದಿ’, ‘ಕಂಪನಿಯವರು’, ‘ಸಂಬಂಧಪಟ್ಟವರು’ ಎಂದಿದ್ದರೆ ಆ ಸಾಲಿಗೆ ದಿಕ್ಕಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಎರಡು ಡೇಟಾ ಸೆಂಟರ್‌ಗಳ ಪೈಕಿ ಒಂದರ ಮೇಲಷ್ಟೇ ಹೊರೆಯ ಪರೀಕ್ಷೆ ನಡೆದಿತ್ತು. ಇನ್ನೊಂದೂ ಹಾಗೇ ಇದೆ ಎಂದು ನಂಬಿದ್ದರು. ಹಾಗಿರಲಿಲ್ಲ. ಸುಮಾರು 19 ಲಕ್ಷ ಜನ ತಮ್ಮ ಖಾತೆಯನ್ನೇ ತೆರೆಯಲಾಗದೆ ಹೊರಗುಳಿದರು, ಎಲ್ಲ ಸರಿಹೋಗಲು ಡಿಸೆಂಬರ್ ಆಯಿತು. 2022ರಲ್ಲಿ ಬ್ಯಾಂಕಿಗೆ 4 ಕೋಟಿ 86.5 ಲಕ್ಷ ಪೌಂಡ್ ದಂಡ ಬಿತ್ತು. ಮರುವರ್ಷ ಅದರ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ. ಕೆಲಸ ಮಾಡಿಕೊಟ್ಟದ್ದು ಬೇರೊಂದು ಕಂಪನಿ, ಆದರೂ ಆ ಕಂಪನಿಯ ಸಿದ್ಧತೆಯನ್ನು ಸರಿಯಾಗಿ ಪರೀಕ್ಷಿಸಲಿಲ್ಲ ಎಂಬುದು ಈ ಮುಖ್ಯಸ್ಥರ ಮೇಲಿನ ಆಕ್ಷೇಪ.

ನಮ್ಮ ಸಂಘಕ್ಕೂ ಇದೇ ಅನ್ವಯ. ಸಾಫ್ಟ್‌ವೇರ್ ಕಂಪನಿ ಕೆಲಸ ಮಾಡಲಿ. ದಿನಾಂಕದ ಸಾಲಿಗೆ ಸಾಲ ವಿಭಾಗದ ಗುಮಾಸ್ತರ ಹೆಸರು, 46,400ಕ್ಕೆ ಲೆಕ್ಕಿಗರ ಹೆಸರು, ಬ್ಯಾಕಪ್ಪಿಗೆ ಕಾರ್ಯದರ್ಶಿಯ ಹೆಸರು ಇರಲಿ. ಒಂದು ಸಾಲಿಗೆ ಒಂದೇ ಹೆಸರು. ಆ ಹೆಸರಿನವರಿಗೆ ‘ಗೋ-ಲೈವ್ ಈ ವಾರ ಬೇಡ’ ಎನ್ನುವ ಅಧಿಕಾರವೂ ಇರಲಿ. ತಡೆಯುವ ಅಧಿಕಾರವಿಲ್ಲದವರ ಮೇಲೆ ಹೊಣೆ ಹೊರಿಸುವುದು ಅನ್ಯಾಯ.

ಕ್ರಮದ ಕಲಮಿನಲ್ಲಿ ‘ಪರಿಸ್ಥಿತಿ ನೋಡಿ ನಿರ್ಧಾರ’ ಎಂದು ಬರೆಯಬೇಡಿ. ಯಾವ ಗುರುತು ಕಂಡರೆ, ಯಾವ ದಿನದೊಳಗೆ, ಏನು ಮಾಡುವುದು ಎಂದು ಮೊದಲೇ ಬರೆಯಿರಿ. ವ್ಯತ್ಯಾಸದ ಪ್ರತಿ ರೂಪಾಯಿಗೆ ಕಾರಣ ಸಿಗದಿದ್ದರೆ ಗೋ-ಲೈವ್ ಮುಂದಕ್ಕೆ. ಪೂರ್ತಿ ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಜೊತೆಗೆ ನಡೆಸಿ, ಸಂಜೆಯ ನಗದು ಬಾಕಿ ಎರಡರಲ್ಲೂ ಒಂದೇ ಇದೆಯೇ ನೋಡುವುದು. ಸತತ ಎರಡು ದಿನ ತಾಳೆಯಾಗದಿದ್ದರೆ ಹೊಸದನ್ನು ನಿಲ್ಲಿಸಿ ಹಳೆಯದರಲ್ಲಿ ವ್ಯವಹಾರ. ವಸೂಲಿಯ ಗದ್ದಲವಿರುವ ಮಾರ್ಚ್ ತಿಂಗಳಲ್ಲಿ ಬದಲಾವಣೆ ಬೇಡವೇ ಬೇಡ.

ವಹಿ ಸತ್ತಿದೆ ಎಂದು ತಿಳಿಯುವುದು ಸುಲಭ. ನಾಲ್ಕು ವಾರದಿಂದ ಒಂದು ಅಂಕವೂ ಬದಲಾಗಿರುವುದಿಲ್ಲ. ಹೊಸ ಸಾಲು ಸೇರಿರುವುದಿಲ್ಲ. ಎಲ್ಲ ಷರಾಗಳೂ ಒಂದೇ ದಿನ, ಒಂದೇ ಕೈಯಲ್ಲಿ ಬರೆದಿರುತ್ತವೆ. ಆಗಲೇ ನಡೆದುಹೋದ ತಪ್ಪನ್ನು ಇನ್ನೂ ‘ಆಗಬಹುದು’ ಎಂದೇ ಬರೆದಿರುತ್ತಾರೆ.

ಆಗ ಎಚ್ಚರವಾಗಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ನಮಗೆಲ್ಲ ಗೊತ್ತು.

ತುರ್ವಿಹಾಳ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಸಂಘಗಳ ನಿರ್ದೇಶಕರಲ್ಲಿ ನನ್ನದೊಂದು ಕೋರಿಕೆ. ಹೊಸ ಸಾಫ್ಟ್‌ವೇರ್ ಬರುವುದಿದ್ದರೆ ಗೋ-ಲೈವ್ ದಿನಾಂಕಕ್ಕೆ ಠರಾವು ಮಾಡುವ ಮೊದಲು ಈ ವಹಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಈಗಾಗಲೇ ಬಂದಿದ್ದರೆ ಹಳೆಯ ಪಟ್ಟಿ ತೆಗೆಸಿ ತಿಂಗಳುವಾರು ಎಣಿಸಿ.

ರೈತರಲ್ಲಿಯೂ ಒಂದು ಮಾತು. ಸಾಲ ಪಡೆದಾಗ ಕೊಟ್ಟ ಕಾಗದ ಮನೆಯಲ್ಲಿದ್ದರೆ ಜೋಪಾನವಾಗಿಡಿ. ಮುಂದಿನ ಸಲ ಸೊಸೈಟಿಗೆ ಹೋದಾಗ ಅದನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲೆ ನಿಮ್ಮ ಕೊನೆಯ ದಿನಾಂಕ ಯಾವುದಿದೆ ಎಂದು ಕೇಳಿ ನೋಡಿಕೊಳ್ಳಿ.